32 ಬಿಟ್ ವಿಳಾಸಕ್ಕೆ 16 ಬಿಟ್ ಜಾಗ

ಮಿಪ್ಸ್ ಪ್ರೊಸೆಸರಿನಲ್ಲಿ ಪ್ರತಿ ಸೂಚನೆಯೂ 32 ಬಿಟ್ ಉದ್ದ. ಮೆಮೊರಿಯ ವಿಳಾಸವೂ 32 ಬಿಟ್. ‘ಇಂಥ ವಿಳಾಸಕ್ಕೆ ಹೋಗು’ ಎಂದು ಪೂರ್ತಿ ಬರೆಯಹೊರಟರೆ ವಿಳಾಸವೇ ಇಡೀ ಜಾಗ ನುಂಗುತ್ತದೆ, ‘ಹೋಗು’ ಎನ್ನಲು ಒಂದು ಬಿಟ್ಟೂ ಉಳಿಯುವುದಿಲ್ಲ. ಈ ಇಕ್ಕಟ್ಟಿನಿಂದ ಪಾರಾಗಲು ಮಿಪ್ಸ್ ಎರಡು ದಾರಿ ಹಿಡಿಯಿತು. ಎರಡಕ್ಕೂ ಆಧಾರ ಒಂದೇ: ಸೂಚನೆಗಳು ನಾಲ್ಕು ನಾಲ್ಕು ಬೈಟ್ ಅಂತರದಲ್ಲಿ ಕೂರುವುದರಿಂದ ಅವುಗಳ ವಿಳಾಸದ ಕೊನೆಯ ಎರಡು ಬಿಟ್ ಸದಾ ಸೊನ್ನೆ. ಆ ಸೊನ್ನೆಗಳನ್ನು ಬರೆದಿಡಬೇಕಾಗಿಲ್ಲ.

ಹತ್ತು ಬಾರಿ ಸುತ್ತುವ ಒಂದು ಲೂಪ್ ನೋಡೋಣ. ಲೂಪಿನ ಒಳಗೆ ಎಲ್ಲೋ `$t0` ಒಂದೊಂದೇ ಇಳಿಯುತ್ತದೆ.

```
0x00400004        addiu $t0, $zero, 10
0x00400008  loop: ...
0x00400018        bne   $t0, $zero, loop
```

`bne` ಒಂದು ಬ್ರಾಂಚ್. ಅದು ಗುರಿಯ ವಿಳಾಸ ಹೇಳುವುದಿಲ್ಲ; ‘ಇಲ್ಲಿಂದ ಐದು ಮನೆ ಹಿಂದೆ’ ಎಂದು ದಾರಿ ತೋರಿಸುವವರ ಹಾಗೆ ದೂರವನ್ನಷ್ಟೇ ಹೇಳುತ್ತದೆ. ಆದರೆ ‘ಇಲ್ಲಿಂದ’ ಎಂದರೆ `bne` ಇರುವ ಜಾಗವಲ್ಲ, ಅದರ ಮುಂದಿನ ಸೂಚನೆ, ಅಂದರೆ `0x0040001C`. ಬ್ರಾಂಚನ್ನು ಓದಿಕೊಂಡ ಕೂಡಲೇ ಪ್ರೋಗ್ರಾಮ್ ಕೌಂಟರಿಗೆ ನಾಲ್ಕು ಸೇರಿಬಿಟ್ಟಿರುತ್ತದೆ. ಅಲ್ಲಿಂದ `0x00400008`ಗೆ 20 ಬೈಟ್ ಹಿಂದೆ. ನಾಲ್ಕರಿಂದ ಭಾಗಿಸಿದರೆ −5. ಸೂಚನೆಯ 16 ಬಿಟ್ ಜಾಗದಲ್ಲಿ ಕೂರುವುದು ಈ −5, ಅಂದರೆ `0xFFFB`.

ಪ್ರೊಸೆಸರ್ ಇದನ್ನು ತಿರುಗಿಸಿ ಓದುತ್ತದೆ. ಮೊದಲು ಚಿಹ್ನೆ ಕೆಡದಂತೆ 32 ಬಿಟ್‌ಗೆ ಹಿಗ್ಗಿಸಿ, ಎರಡು ಬಿಟ್ ಎಡಕ್ಕೆ ಸರಿಸಿ, ಮುಂದಿನ ಸೂಚನೆಯ ವಿಳಾಸಕ್ಕೆ ಕೂಡುತ್ತದೆ. ಕೈಯಲ್ಲಿ ಲೆಕ್ಕ ಹಾಕುವವರು ಎಡವುವುದು ಇಲ್ಲೇ. ನಾಲ್ಕು ಸೇರಿಸಲು ಮರೆತು `bne` ಇರುವಲ್ಲಿಂದಲೇ ಎಣಿಸಿದರೆ −4 ಬರುತ್ತದೆ, ನೆಗೆತ ಲೂಪಿನ ಮೊದಲ ಸೂಚನೆಯನ್ನೇ ದಾಟಿ ಬೀಳುತ್ತದೆ. ಸಿಮ್ಯುಲೇಟರ್ ಬರೆಯುವಾಗ ಇದೇ ತಪ್ಪಾದರೆ ಗುರಿ `0x00400004` ಆಗುತ್ತದೆ. ಪ್ರತಿ ಸುತ್ತಿನಲ್ಲೂ `$t0` ಮತ್ತೆ ಹತ್ತಾಗಿ ಲೂಪ್ ಮುಗಿಯುವುದೇ ಇಲ್ಲ. ಚಿಹ್ನೆ ಮರೆತರೆ ಗುರಿ `0x00440008`. ಸೇರಬೇಕಾದ ಜಾಗಕ್ಕಿಂತ ಸರಿಯಾಗಿ 256 ಕಿಲೋಬೈಟ್ ಆಚೆ ಬಿದ್ದಿದ್ದರೆ ಕಾರಣ ಹುಡುಕುತ್ತ ಅಲೆಯಬೇಕಿಲ್ಲ, ಇದೇ.

16 ಬಿಟ್‌ನಿಂದ ಹಿಂದಕ್ಕೂ ಮುಂದಕ್ಕೂ ಸುಮಾರು 128 ಕಿಲೋಬೈಟ್ ಅಷ್ಟೇ ಸಿಗುತ್ತದೆ. ಲೂಪ್‌ಗಳಿಗೆ ಅದು ಧಾರಾಳ. ದೂರದ ನೆಗೆತಕ್ಕೆ `j` ಎಂಬ ಜಂಪ್ ಸೂಚನೆಯಿದೆ. ಅದರಲ್ಲಿ ವಿಳಾಸಕ್ಕೆ 26 ಬಿಟ್. ಅದೇ `0x00400008`ಗೆ ಹೋಗಬೇಕಾದರೆ ಎರಡು ಬಿಟ್ ಬಲಕ್ಕೆ ಸರಿಸಿ `0x0100002` ಎಂದು ಬರೆಯಬೇಕು. ಓಡುವಾಗ ಅದು ಎರಡು ಬಿಟ್ ಎಡಕ್ಕೆ ಸರಿದು 28 ಬಿಟ್ ಆಗುತ್ತದೆ. ಬಾಕಿ ನಾಲ್ಕು ಬಿಟ್‌ಗಳನ್ನು ಮುಂದಿನ ಸೂಚನೆಯ ವಿಳಾಸದ ತಲೆಯಿಂದ ತೆಗೆದು ಅಂಟಿಸಲಾಗುತ್ತದೆ. ಇಲ್ಲಿ ಕೂಡುವ ಲೆಕ್ಕವೇ ಇಲ್ಲ, ಜೋಡಣೆ ಮಾತ್ರ.

ಹಾಗಾಗಿ ಇಡೀ ಪ್ರೋಗ್ರಾಮನ್ನು ಎತ್ತಿ ಬೇರೆಡೆ ಇಟ್ಟರೆ ಬ್ರಾಂಚ್‌ಗಳು ಎಂದಿನಂತೆ ನಡೆಯುತ್ತವೆ, ಜಂಪ್‌ಗಳನ್ನು ಲಿಂಕರ್ ಅಥವಾ ಲೋಡರ್ ತಿದ್ದಬೇಕಾಗುತ್ತದೆ. ಜಂಪ್ ತಾನಿರುವ 256 ಮೆಗಾಬೈಟ್‌ಗಳ ವಲಯ ಬಿಟ್ಟು ಹೋಗಲಾರದು. ಅದರಾಚೆಗೆ ಪೂರ್ತಿ ವಿಳಾಸವನ್ನು ರಿಜಿಸ್ಟರಿಗೆ ತುಂಬಿ `jr` ಬಳಸಬೇಕು.