ಹಪ್ಪಳ, ಚಟ್ನಿಪುಡಿಗೆ ಒಂದು ಕ್ಯಾಟಲಾಗ್

ಮನೆಯಲ್ಲಿ ಹಪ್ಪಳ, ಸಂಡಿಗೆ, ಚಟ್ನಿಪುಡಿ ಮಾಡಿ ಮಾರುವವರ ಕ್ಯಾಟಲಾಗ್ ಸಾಮಾನ್ಯವಾಗಿ ಎಂಟು-ಹತ್ತು ಸ್ಲೈಡ್‌ಗಳ ಒಂದು ಪಿಡಿಎಫ್. ವಾಟ್ಸಾಪ್‌ನಲ್ಲಿ ಒಬ್ಬರಿಂದ ಒಬ್ಬರಿಗೆ ದಾಟುತ್ತಾ ಅದು ಮಾರುವವರ ಪರಿಚಯವೇ ಇಲ್ಲದವರ ಕೈಗೂ ಸೇರುತ್ತದೆ. ಅಂಗಡಿಯಲ್ಲಾದರೆ ಗಿರಾಕಿ ಬಾಯಿಬಿಟ್ಟು ಕೇಳುತ್ತಾರೆ: ಇದು ಎಷ್ಟು ಖಾರ, ಎಷ್ಟು ದಿನ ಇಡಬಹುದು, ಬೆಳ್ಳುಳ್ಳಿ ಹಾಕಿದ್ದೀರಾ? ಇಂಥ ಪ್ರಶ್ನೆಗಳಿಗೆ ಸ್ಲೈಡಿನಲ್ಲೇ ಉತ್ತರ ಇರಬೇಕು.

ಸ್ಲೈಡ್ ಮಾಡುವ ತಂತ್ರಾಂಶಗಳಲ್ಲಿ ಪುಟ ಮೊದಲಿಗೆ ಅಡ್ಡವಾಗಿ ತೆರೆದುಕೊಳ್ಳುತ್ತದೆ. ಈ ಕ್ಯಾಟಲಾಗ್ ನೋಡುವವರು ಬಹುತೇಕ ಫೋನ್ ಹಿಡಿದವರು. ಅಡ್ಡ ಪುಟ ಅದರಲ್ಲಿ ಅರ್ಧಕ್ಕಿಂತ ಕಡಿಮೆ ಜಾಗಕ್ಕೆ ಕುಗ್ಗಿ, ಬೆಲೆಯ ಅಂಕಿ ಕಣ್ಣಿಗೆ ಹತ್ತುವುದಿಲ್ಲ. ಆದ್ದರಿಂದ ಕೆಲಸ ಶುರುಮಾಡುವಾಗಲೇ ಪುಟವನ್ನು ಉದ್ದಕ್ಕೆ, 9:16 ಅಳತೆಗೆ ಬದಲಿಸಿಕೊಳ್ಳಬೇಕು. ಅಕ್ಷರ ಯೂನಿಕೋಡ್ ಆಗಿರಬೇಕು, ಕಳಿಸುವುದು ಪಿಡಿಎಫ್ ಆಗಿರಬೇಕು. ಸ್ಲೈಡ್ ಕಡತವನ್ನೇ ಕಳಿಸಿದರೆ ಆ ಕಡೆಯ ಫೋನಿನಲ್ಲಿ ಅದೇ ಫಾಂಟ್ ಇಲ್ಲದೆ ಅಕ್ಷರಗಳ ಜಾಗ, ಗಾತ್ರ ಎಲ್ಲ ಕೆಡುತ್ತವೆ.

ಹೆಚ್ಚಿನ ಶ್ರಮ ಬೇಡುವುದು ಫೋಟೋ. ನೇರ ಬಿಸಿಲು ಬೀಳದ ಕಿಟಕಿಯ ಪಕ್ಕ ತಟ್ಟೆ ಇಟ್ಟು, ಬೆಳಕು ಒಂದು ಬದಿಯಿಂದ ಬರುವಂತೆ ನೋಡಿಕೊಂಡು, ಎದುರು ಬದಿಗೆ ಬಿಳಿ ಥರ್ಮೋಕೋಲ್ ಹಲಗೆ ನಿಲ್ಲಿಸಿದರೆ ನೆರಳು ತಿಳಿಯಾಗುತ್ತದೆ. ಮನೆಯ ದೀಪ ಆರಿಸಿರಬೇಕು. ಎರಡು ಬಗೆಯ ಬೆಳಕು ಬೆರೆತರೆ ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಕಿತ್ತಳೆಗೆ ತಿರುಗುತ್ತದೆ, ಆಮೇಲೆ ಪೊಟ್ಟಣ ಒಡೆದವರು ಬಣ್ಣ ಬೇರೆಯಿದೆ ಎಂದು ದೂರುತ್ತಾರೆ. ಗುರೆಳ್ಳು ಚಟ್ನಿಪುಡಿ ಇನ್ನೂ ಕಷ್ಟದ್ದು. ಬಿಳಿ ತಟ್ಟೆಯಲ್ಲಿಟ್ಟರೆ ಕ್ಯಾಮೆರಾ ಬಿಳುಪನ್ನು ತಗ್ಗಿಸಲು ಇಡೀ ಚಿತ್ರವನ್ನೇ ಕಪ್ಪಾಗಿಸುತ್ತದೆ, ಪುಡಿ ಇದ್ದಿಲಿನಂತೆ ಕಾಣುತ್ತದೆ. ಪರದೆಯಲ್ಲಿ ಪುಡಿಯ ಮೇಲೆ ಬೆರಳೊತ್ತಿ ಬೆಳಕನ್ನು ಸ್ವಲ್ಪ ಏರಿಸಿದಾಗ ತರಿ ಬಿಡಿಬಿಡಿಯಾಗಿ ಕಾಣತೊಡಗುತ್ತದೆ. ತೆಗೆದ ಚಿತ್ರ ಸರಿಯಿದೆ ಎನ್ನಲು ಅದೇ ಗುರುತು.

ಪ್ರತಿ ಪದಾರ್ಥಕ್ಕೂ ಎರಡು ಚಿತ್ರ ಸಾಕು: ತೆರೆದಿಟ್ಟ ಪದಾರ್ಥ ಒಂದು, ಮನೆಗೆ ಬರುವ ಪೊಟ್ಟಣ ಇನ್ನೊಂದು. ಹಪ್ಪಳವನ್ನು ಅಂಗೈ ಮೇಲಿಟ್ಟು ತೆಗೆದರೆ ಅಗಲ ಹೇಳಬೇಕಾಗಿಯೇ ಇಲ್ಲ. ಅಂತರ್ಜಾಲದಿಂದ ಎತ್ತಿಕೊಂಡ ಚಿತ್ರ ಎಷ್ಟೇ ಚೆಂದವಿದ್ದರೂ ಬೇಡ. ಅದು ಬೇರೊಬ್ಬರ ಹಪ್ಪಳ, ಬೇರೊಬ್ಬರ ಹಕ್ಕಿನ ಚಿತ್ರ. ಫೋನಿನ ಚಿತ್ರವನ್ನು ಹಾಗೆಯೇ ಸೇರಿಸಿದರೆ ಕಡತ ಐವತ್ತು ಎಂಬಿ ದಾಟಬಹುದು. ಕುಗ್ಗಿಸಿ ಐದರೊಳಗೆ ತಂದರೆ ನಿಧಾನದ ಸಿಗ್ನಲ್‌ನಲ್ಲೂ ತೆರೆಯುತ್ತದೆ.

ಚಿತ್ರದ ಕೆಳಗೆ ಹೆಸರು, ಒಂದು ಸಂಕೇತ, ನಿವ್ವಳ ತೂಕ, ಬೆಲೆ, ಬಳಸಿದ ಸಾಮಗ್ರಿ, ಎಷ್ಟು ದಿನ ಕೆಡುವುದಿಲ್ಲ ಎಂಬುದು ಬರಬೇಕು. ಸಂಕೇತ ಮುಖ್ಯ, ಏಕೆಂದರೆ ‘ಆ ಕೆಂಪು ಪುಡಿ ಎರಡು’ ಎಂದು ಬಂದ ಸಂದೇಶ ಶೇಂಗಾದ್ದೋ ಕೊಬ್ಬರಿಯದ್ದೋ ತಿಳಿಯದು. ‘ಚ1 – 2’ ಎಂದರೆ ಗೊಂದಲವಿಲ್ಲ. ಎಫ್‌ಎಸ್‌ಎಸ್‌ಎಐ ನೋಂದಣಿಯ 14 ಅಂಕಿಯ ಸಂಖ್ಯೆಗೆ ಮೊದಲ ಪುಟವೇ ಸರಿಯಾದ ಜಾಗ.

ಲೆಕ್ಕ ತಪ್ಪುವುದು ಸಾಗಣೆ ವೆಚ್ಚದಲ್ಲಿ. 110 ರೂಪಾಯಿಯ ಶೇಂಗಾ ಚಟ್ನಿಪುಡಿ ಎರಡು, 120ರ ಗುರೆಳ್ಳು ಒಂದು, 150ರ ಅಕ್ಕಿ ಹಪ್ಪಳ ಒಂದು ಕಟ್ಟು ಎಂದಿಟ್ಟುಕೊಂಡರೆ ಮೊತ್ತ 490. ಪೆಟ್ಟಿಗೆ ಸೇರಿ ತೂಕ ಒಂದೂವರೆ ಕೆ.ಜಿ.ಯೊಳಗೇ ಇರಬಹುದು. ಆದರೆ ಹಪ್ಪಳ ಮುರಿಯದಿರಲೆಂದು ಆರಿಸಿದ ಪೆಟ್ಟಿಗೆ 30 ಸೆಂ.ಮೀ. ಉದ್ದ, 30 ಅಗಲ, 15 ಎತ್ತರ. ಹಲವು ಕೊರಿಯರ್‌ಗಳು ಈ ಮೂರನ್ನೂ ಗುಣಿಸಿ 5000ದಿಂದ ಭಾಗಿಸುತ್ತವೆ, ಬರುವುದು 2.7 ಕೆ.ಜಿ. ಎರಡರಲ್ಲಿ ಹೆಚ್ಚಿನದಕ್ಕೇ ದರ ಹಾಕುವುದರಿಂದ, ತಕ್ಕಡಿಯ ತೂಕ ನಂಬಿ ಸಾಗಣೆ ದರ ಅಚ್ಚುಹಾಕಿದವರಿಗೆ ಲಾಭ ಅಲ್ಲೇ ಕರಗುತ್ತದೆ. ಪುಡಿಗಳಿಗೆ ಒಂದು ದರ, ಹಪ್ಪಳ-ಸಂಡಿಗೆ ಇರುವ ಪೆಟ್ಟಿಗೆಗೆ ಇನ್ನೊಂದು ದರ ಎಂದು ಬೇರ್ಪಡಿಸುವುದೇ ಸರಿ.

ಆರ್ಡರ್ ಮಾಡುವ ಕ್ರಮಕ್ಕೆ ಒಂದೇ ಪುಟ ಸಾಕು. ಸಂಕೇತ, ಸಂಖ್ಯೆ, ಪಿನ್‌ಕೋಡ್ ಸಹಿತ ವಿಳಾಸವನ್ನು ಸಂದೇಶದಲ್ಲಿ ಕಳಿಸುವುದು, ಮಾರುವವರು ಸಾಗಣೆ ಸೇರಿಸಿ ಒಟ್ಟು ಮೊತ್ತ ತಿಳಿಸುವುದು, ಆಮೇಲೆ ಹಣ, ಎಷ್ಟು ದಿನದಲ್ಲಿ ರವಾನೆ ಎಂಬ ಮಾತು. ಸಂದೇಶದ ಮಾದರಿಯೊಂದನ್ನು ಅಲ್ಲೇ ಬರೆದಿಟ್ಟರೆ ಜನ ಅದನ್ನೇ ಅನುಸರಿಸುತ್ತಾರೆ. ಬರೀ ಕ್ಯೂಆರ್ ಚಿತ್ರ ಹಾಕಿದರೆ ಸಾಲದು: ಕ್ಯಾಟಲಾಗ್ ತೆರೆದಿರುವ ಫೋನಿನ ಕ್ಯಾಮೆರಾದಿಂದಲೇ ಅದನ್ನು ಸ್ಕ್ಯಾನ್ ಮಾಡಲಾಗದು. ಪಕ್ಕದಲ್ಲಿ ಯುಪಿಐ ಐಡಿ ಅಕ್ಷರದಲ್ಲೂ, ಹಣ ಸೇರುವ ಖಾತೆಯ ಹೆಸರೂ ಇರಬೇಕು.

ಒಮ್ಮೆ ಕೈಬಿಟ್ಟ ಪಿಡಿಎಫ್ ಹಿಂದಕ್ಕೆ ಬರುವುದಿಲ್ಲ. ಶೇಂಗಾ ದರ ಏರಿದ ಮೇಲೂ ಹಳೆಯ ಬೆಲೆ ತೋರಿಸಿ ಕೇಳುವವರು ಇದ್ದೇ ಇರುತ್ತಾರೆ. ಅದಕ್ಕೆ ಯಾವ ತಿಂಗಳವರೆಗೆ ಈ ಬೆಲೆ ಎಂಬುದನ್ನು ಪ್ರತಿ ಬೆಲೆಯ ಪುಟದ ಅಡಿಯಲ್ಲೂ ನಮೂದಿಸಬೇಕು. ಮುಖಪುಟದಲ್ಲಿ ಮಾತ್ರ ಬರೆದರೆ ಉಪಯೋಗವಿಲ್ಲ, ಜನ ಬಹಳ ಸಲ ತಮಗೆ ಬೇಕಾದ ಪುಟದ ಸ್ಕ್ರೀನ್‌ಶಾಟ್ ಒಂದನ್ನೇ ದಾಟಿಸುತ್ತಾರೆ.