ಮಣ್ಣಿನ ಗಣಪನ ಫೋಟೊ ನೋಡಿ ಸ್ಥಾನ ಕೊಡುವ ಬಗೆ

ಗೌರಿ–ಗಣೇಶ ಹಬ್ಬಕ್ಕೆ ಮನೆಯಲ್ಲೇ ಮಾಡಿದ ಮಣ್ಣಿನ ಗಣಪತಿಯ ಫೋಟೊ ತರಿಸಿಕೊಂಡು ಬಹುಮಾನ ಕೊಡುವ ಸ್ಪರ್ಧೆಗಳಲ್ಲಿ ನೋಡುವ ಅಂಶಗಳು ಸಾಮಾನ್ಯವಾಗಿ ಮೂರು: ಮೈಯ ನುಣುಪು ಮತ್ತು ಕೈಕೆಲಸ, ಪೀಠದ ಭದ್ರತೆ, ಬಣ್ಣದ ಗುಣ. ಕಣ್ಣು ಮೊದಲು ಹೋಗುವುದು ಬಣ್ಣದತ್ತ. ದಪ್ಪ ಬಣ್ಣ ಮೈಯ ಬಿರುಕನ್ನು ಮುಚ್ಚುತ್ತದೆ, ಮೈಯ ಅಂದ ಪೀಠದ ದೋಷವನ್ನು ಮರೆಸುತ್ತದೆ. ಆದ್ದರಿಂದ ಪರೀಕ್ಷೆ ಇದಕ್ಕೆ ತಿರುವುಮುರುವಾಗಿ ನಡೆಯಬೇಕು: ಮೊದಲು ಪೀಠ, ಆಮೇಲೆ ಮೈ, ಕೊನೆಗೆ ಬಣ್ಣ.

ಪೀಠದ ವಿಷಯದಲ್ಲಿ ಎದುರಿನಿಂದ ತೆಗೆದ ಫೋಟೊ ಸಾಕಾಗುವುದಿಲ್ಲ. ಗಣಪತಿಯ ತಲೆ, ಸೊಂಡಿಲು, ಹೊಟ್ಟೆ ಮೂರೂ ಮುಂದಕ್ಕೆ ಚಾಚಿರುವುದರಿಂದ ಭಾರವೂ ಮುಂದಕ್ಕೇ ವಾಲುತ್ತದೆ. ಅದು ಕಾಣುವುದು ಪಕ್ಕದ ನೋಟದಲ್ಲಿ ಮಾತ್ರ. ಪಕ್ಕದ ಫೋಟೊದಲ್ಲಿ ತಲೆ ಮತ್ತು ಹೊಟ್ಟೆಯ ನಡುಭಾಗದಿಂದ ನೇರವಾಗಿ ಕೆಳಗೆ ಒಂದು ಗೆರೆ ಇಳಿಸಿದಂತೆ ಊಹಿಸಿಕೊಳ್ಳಬೇಕು. ಅದು ಪೀಠದ ನಡುವಿನ ಆಸುಪಾಸಿನಲ್ಲಿ ಬಿದ್ದರೆ ಮೂರ್ತಿ ನಿಲ್ಲುತ್ತದೆ. ಮುಂದಿನ ಅಂಚಿನ ಹತ್ತಿರ ಬಿದ್ದರೆ ಮಣೆ ಸ್ವಲ್ಪ ಅಲುಗಿದರೂ ಮುಗ್ಗರಿಸುತ್ತದೆ. ಪೀಠ ಮತ್ತು ಮಣೆಯ ನಡುವೆ ಒಂದು ಕಡೆ ಮಾತ್ರ ಬೆಳಕಿನ ಗೀಟು ಕಂಡರೆ ತಳ ಸಮವಾಗಿಲ್ಲ ಎಂದರ್ಥ. ಒಣಗುವಾಗ ಮೇಲಿನ ಮಣ್ಣು ಮೊದಲು ಕುಗ್ಗಿ, ತಳ ಹಸಿಯಾಗಿಯೇ ಉಳಿದಾಗ ಪೀಠದ ಅಂಚು ಹೀಗೆ ಮೇಲೇಳುತ್ತದೆ. ಆದರೆ ವಾಲಿದಂತೆ ಕಂಡದ್ದೆಲ್ಲ ಮೂರ್ತಿಯ ತಪ್ಪಲ್ಲ. ಹಿನ್ನೆಲೆಯ ಬಾಗಿಲಿನ ಚೌಕಟ್ಟೂ ಅಷ್ಟೇ ಓರೆಯಾಗಿದ್ದರೆ ಓರೆಯಾಗಿದ್ದದ್ದು ಮೊಬೈಲು.

ಮೈಯಲ್ಲಿ ನೋಡಬೇಕಾದದ್ದು ಬೆಸುಗೆಯ ಜಾಗಗಳನ್ನು: ಸೊಂಡಿಲಿನ ಬುಡ, ಭುಜ, ಕಿವಿಯ ಹಿಂಬದಿ. ಸೊಂಡಿಲು ತೆಳ್ಳಗಿರುವುದರಿಂದ ಬೇಗ ಒಣಗಿ ಕುಗ್ಗುತ್ತದೆ, ಹೊಟ್ಟೆ ನಿಧಾನವಾಗಿ ಒಣಗುತ್ತದೆ. ಈ ವ್ಯತ್ಯಾಸದ ಎಳೆತಕ್ಕೆ ಬೆಸುಗೆ ಬಿಡುತ್ತದೆ. ಮೈಮೇಲೆ ಬಲೆಯಂತೆ ಹರಡಿದ ಕೂದಲೆಳೆಯ ಬಿರುಕುಗಳು ಬಿಸಿಲಿನಲ್ಲಿ ಅವಸರದಿಂದ ಒಣಗಿಸಿದ್ದರ ಗುರುತು, ಅಷ್ಟು ಅಪಾಯವಿಲ್ಲ. ಬೆಸುಗೆಯನ್ನು ಸುತ್ತಿ ಬಂದ ಬಿರುಕಾದರೆ ಕೈಯೋ ಸೊಂಡಿಲೋ ಕಳಚಿ ಬೀಳುತ್ತದೆ. ಅಚ್ಚಿನಲ್ಲಿ ತೆಗೆದ ಮೂರ್ತಿಯ ಎರಡೂ ಪಕ್ಕಗಳಲ್ಲಿ ಕಿವಿಯಿಂದ ಪೀಠದವರೆಗೆ ಒಂದು ಏಣು ಇಳಿದಿರುತ್ತದೆ. ಒದ್ದೆ ಬಟ್ಟೆಯಿಂದ ಅದನ್ನು ತೀಡಿ ಅಳಿಸಿಲ್ಲವೆಂದರೆ ಕೆಲಸ ಅರ್ಧಕ್ಕೆ ನಿಂತಿದೆ. ಇವೆಲ್ಲ ಕಾಣುವುದು ಪಕ್ಕದಿಂದ ಬೀಳುವ ಕಿಟಕಿಯ ಬೆಳಕಿನಲ್ಲಿ. ಫ್ಲ್ಯಾಶ್ ಹಾಕಿದರೆ ಉಬ್ಬುತಗ್ಗುಗಳ ನೆರಳೇ ಅಳಿಸಿಹೋಗಿ ಒರಟು ಮೈಯೂ ನುಣುಪಾಗಿ ತೋರುತ್ತದೆ.

ಬಣ್ಣದಲ್ಲಿ ಹೊಳಪಿಗಿಂತ ಅಂಚು ಮುಖ್ಯ. ಪಂಚೆಯ ಕೆಂಪು ಹೊಟ್ಟೆಯ ಹಳದಿಗೆ ಹರಿದಿದೆಯೇ, ಕಣ್ಣಿನ ಗೆರೆ ಎರಡೂ ಕಡೆ ಒಂದೇ ದಪ್ಪವಿದೆಯೇ, ಆಭರಣದ ಕೆತ್ತನೆ ಬಣ್ಣದಲ್ಲಿ ಹೂತುಹೋಗಿದೆಯೇ ಎಂದು ನೋಡಬೇಕು. ಮಣ್ಣು ಪೂರ್ತಿ ಒಣಗುವ ಮುಂಚೆ ಹಚ್ಚಿದ ಬಣ್ಣ ಕಲೆಕಲೆಯಾಗಿ ಕಾಣುತ್ತದೆ. ಫೋಟೊದಲ್ಲಿ ಬಣ್ಣದ ಛಾಯೆ ದೀಪದಿಂದ ದೀಪಕ್ಕೆ ಬದಲಾಗುವುದರಿಂದ ಮೂರ್ತಿಯ ಪಕ್ಕ ಒಂದು ಬಿಳಿ ಕಾಗದ ಇಡಿಸುವುದು ಒಳ್ಳೆಯದು. ಕಾಗದವೇ ಹಳದಿಯಾಗಿ ಕಂಡರೆ ಛಾಯೆಯ ಬಗ್ಗೆ ತೀರ್ಮಾನ ಬೇಡ.

ಒಂದಡಿ ಎತ್ತರದ ನಾಲ್ಕು ಮೂರ್ತಿಗಳ ಫೋಟೊ ಬಂದಿವೆ ಎಂದುಕೊಳ್ಳೋಣ. ಮೊದಲನೆಯದರ ಬಣ್ಣ ಎಲ್ಲಕ್ಕಿಂತ ಚೆಂದ, ಆದರೆ ಪಕ್ಕದ ನೋಟದಲ್ಲಿ ಹೊಟ್ಟೆ ಪೀಠವನ್ನು ದಾಟಿದೆ, ಹಿಂದಿನ ಅಂಚು ಮೇಲೆದ್ದಿದೆ. ಅದು ಲೆಕ್ಕಕ್ಕೆ ಸೇರದೆ ಕೊನೆಯ ಸ್ಥಾನಕ್ಕೆ ಹೋಗುತ್ತದೆ. ಉಳಿದ ಮೂರನ್ನು ಎರಡೆರಡಾಗಿ ಅಕ್ಕಪಕ್ಕ ಇಟ್ಟು, ಒಂದು ಸಲಕ್ಕೆ ಒಂದೇ ಅಂಶ ನೋಡಬೇಕು. ಎರಡನೆಯದು ಪೀಠದಲ್ಲಿ 1, ಮೈಯಲ್ಲಿ 3, ಬಣ್ಣದಲ್ಲಿ 3ನೇ ಸ್ಥಾನ ಪಡೆದರೆ ಮೊತ್ತ 7. ಮೂರನೆಯದಕ್ಕೆ 3, 2, 1 ಬಂದು ಮೊತ್ತ 6. ನಾಲ್ಕನೆಯದಕ್ಕೆ 2, 1, 2 ಬಂದು ಮೊತ್ತ 5. ಮೊತ್ತ ಕಡಿಮೆಯಿದ್ದಷ್ಟೂ ಸ್ಥಾನ ಮೇಲಾದ್ದರಿಂದ, ಪೀಠದಲ್ಲೂ ಬಣ್ಣದಲ್ಲೂ ಎರಡನೆಯದಾದ ನಾಲ್ಕನೇ ಮೂರ್ತಿಗೆ ಮೊದಲ ಬಹುಮಾನ. ಮೊತ್ತ ಸಮವಾದರೆ ಪೀಠದಲ್ಲಿ ಮುಂದಿರುವುದು ಗೆಲ್ಲಬೇಕು.

ಮೂರ್ತಿಯ ಒಳಗೆ ಮಣ್ಣು ಒಣಗಿದೆಯೇ, ಅದು ಮಣ್ಣೇ ಹೌದೇ ಅಥವಾ ಬಣ್ಣ ಬಳಿದ ಪ್ಲಾಸ್ಟರ್ ಆಫ್ ಪ್ಯಾರಿಸ್ಸೇ ಎಂಬುದನ್ನು ಫೋಟೊ ಹೇಳಲಾರದು. ಹಾಗಾಗಿ ಮೊದಲೆರಡು ಸ್ಥಾನಗಳ ಮೂರ್ತಿಗಳನ್ನು ಬಹುಮಾನ ಘೋಷಿಸುವ ಮುಂಚೆ ಮಣೆಯ ಮೇಲಿಟ್ಟು, ಮೆಲ್ಲಗೆ ಅಲುಗಿಸಿ, ತಳದ ಬಣ್ಣವಿಲ್ಲದ ಜಾಗಕ್ಕೆ ಒದ್ದೆ ಬೆರಳು ತಾಗಿಸಿ ನೋಡಬೇಕು. ಸುಡದ ಮಣ್ಣಾದರೆ ಬೆರಳಿಗೆ ಕೆಸರು ಅಂಟುತ್ತದೆ.