ಹತ್ತು ನಿಮಿಷ, ಆರು ಸ್ಲೈಡ್, ಟ್ಯಾಂಪಾದ ಒಂದು ಕಟ್ಟಡ

ಮೀಡಿಯಾ ಕನ್ವರ್ಜೆನ್ಸ್ ಬಗ್ಗೆ ತರಗತಿಯಲ್ಲಿ ಹತ್ತು ನಿಮಿಷ ಮಾತಾಡಿ ಎಂದ ಕೂಡಲೇ ವಿದ್ಯಾರ್ಥಿಗಳು ಹುಡುಕಲು ಹೊರಡುವುದು ವ್ಯಾಖ್ಯಾನವನ್ನು. ಮೂರು ಸ್ಲೈಡ್ ವ್ಯಾಖ್ಯಾನ, ಒಂದರ ತುಂಬ ಟಿವಿ, ಫೋನು, ಪತ್ರಿಕೆಗಳ ಲೋಗೊ, ಕೊನೆಗೊಂದು ‘ಥ್ಯಾಂಕ್ ಯೂ’. ಹಿಂದಿನ ಬೆಂಚಿನವರು ಅಷ್ಟರಲ್ಲಿ ಫೋನು ತೆಗೆದಿರುತ್ತಾರೆ. ಅದರ ಬದಲು ಒಂದೇ ಕಟ್ಟಡದ ಕಥೆ ಹೇಳಿ ನೋಡಿ. ಅಮೆರಿಕದ ಫ್ಲಾರಿಡಾ ರಾಜ್ಯದ ಟ್ಯಾಂಪಾ ನಗರದಲ್ಲಿ 2000ದಲ್ಲಿ ಶುರುವಾದ ‘ನ್ಯೂಸ್ ಸೆಂಟರ್’ ಇದಕ್ಕೆ ಹೇಳಿ ಮಾಡಿಸಿದಂತಿದೆ.

ಸ್ಕ್ರಿಪ್ಟನ್ನು ಒಂಬತ್ತು ನಿಮಿಷಕ್ಕೇ ಬರೆದುಕೊಳ್ಳಿ. ಪ್ರೊಜೆಕ್ಟರ್ ಕೇಬಲ್ ಸಿಕ್ಕಿಸುವಷ್ಟರಲ್ಲಿ ಒಂದು ನಿಮಿಷ ಹೋಗಿರುತ್ತದೆ. ಕನ್ನಡದಲ್ಲಿ ಅವಸರವಿಲ್ಲದೆ ಮಾತಾಡಿದರೆ ನಿಮಿಷಕ್ಕೆ 90–100 ಪದ ಹಿಡಿಸುತ್ತದೆ, ಹಾಗಾಗಿ 850 ಪದ ದಾಟಬೇಡಿ. ಮನೆಯಲ್ಲಿ ಗಟ್ಟಿಯಾಗಿ ಓದಿ ಗಡಿಯಾರ ನೋಡಿಕೊಳ್ಳಿ. ಮನಸ್ಸಿನಲ್ಲೇ ಓದಿದರೆ ಸಮಯದ ಲೆಕ್ಕ ತಪ್ಪುತ್ತದೆ.

ಮೊದಲ ಸ್ಲೈಡಿಗೆ ಅರ್ಧ ನಿಮಿಷ ಸಾಕು. ಕಟ್ಟಡದ ಒಂದು ಚಿತ್ರ, ಊರು, ಇಸವಿ, ಅಷ್ಟೇ.

ಎರಡನೆಯದಕ್ಕೆ ಒಂದೂವರೆ ನಿಮಿಷ. ಇಥಿಯಲ್ ಡಿ ಸೋಲಾ ಪೂಲ್ ಎಂಬ ವಿದ್ವಾಂಸರು 1983ರಲ್ಲಿ ಪ್ರಕಟಿಸಿದ ‘ಟೆಕ್ನಾಲಜೀಸ್ ಆಫ್ ಫ್ರೀಡಂ’ ಪುಸ್ತಕದ ವಾದವನ್ನು ನಿಮ್ಮ ಮಾತಿನಲ್ಲಿ ಹೀಗೆ ಹೇಳಬಹುದು: “ಮೊದಲು ಟೆಲಿಫೋನ್ ತಂತಿಯಲ್ಲಿ ಮಾತು ಹೋಗುತ್ತಿತ್ತು, ರೇಡಿಯೊ ತರಂಗದಲ್ಲಿ ಪ್ರಸಾರ ನಡೆಯುತ್ತಿತ್ತು, ಅಕ್ಷರಕ್ಕೆ ಅಚ್ಚಿನ ಯಂತ್ರವಿತ್ತು. ಒಂದೊಂದಕ್ಕೂ ಬೇರೆ ದಾರಿ, ಬೇರೆ ಕಾನೂನು. ಎಲ್ಲವೂ ಡಿಜಿಟಲ್ ಆದಮೇಲೆ ಒಂದೇ ದಾರಿಯಲ್ಲಿ ಮೂರೂ ಹೋಗಬಹುದು.” ಇಷ್ಟು ಹೇಳಿದರೆ ವ್ಯಾಖ್ಯಾನ ಮುಗಿಯಿತು.

ಮೂರನೆಯ ಸ್ಲೈಡಿಗೆ ಎರಡು ನಿಮಿಷ ಕೊಡಿ. ಮೀಡಿಯಾ ಜನರಲ್ ಕಂಪನಿ ತನ್ನ ‘ಟ್ಯಾಂಪಾ ಟ್ರಿಬ್ಯೂನ್’ ಪತ್ರಿಕೆ, ಡಬ್ಲ್ಯುಎಫ್‌ಎಲ್‌ಎ ಟಿವಿ ಕೇಂದ್ರ ಮತ್ತು ಟಿಬಿಒ ಎಂಬ ವೆಬ್‌ಸೈಟನ್ನು ಒಂದೇ ಸೂರಿನಡಿ ತಂದಿತು. ಒಂದೇ ಊರಿನ ದಿನಪತ್ರಿಕೆಯೂ ಟಿವಿ ಕೇಂದ್ರವೂ ಒಬ್ಬರದೇ ಕೈಯಲ್ಲಿ ಇರಬಾರದೆಂದು ಅಮೆರಿಕ 1975ರಲ್ಲೇ ನಿಯಮ ಮಾಡಿತ್ತು. ಅದಕ್ಕೂ ಮೊದಲಿಂದ ಎರಡನ್ನೂ ಹೊಂದಿದ್ದ ಬಹುತೇಕ ಹಳಬರಿಗೆ ವಿನಾಯಿತಿ ಸಿಕ್ಕಿದ್ದರಿಂದ ಟ್ಯಾಂಪಾದಲ್ಲಿ ಇದು ಸಾಧ್ಯವಾಯಿತು. ಈ ಮಾತನ್ನು ಬಿಡಬೇಡಿ. ತಂತ್ರಜ್ಞಾನವೊಂದರಿಂದಲೇ ಮಾಧ್ಯಮಗಳು ಒಂದಾಗುವುದಿಲ್ಲ ಎಂಬುದು ತರಗತಿಗೆ ಹೊಳೆಯುವುದು ಇಲ್ಲೇ.

ನಾಲ್ಕನೆಯದಕ್ಕೆ ಒಂದೂವರೆ ನಿಮಿಷ. ಇಲ್ಲಿ ಒಂದು ಸುದ್ದಿಯ ಬೆನ್ನು ಹತ್ತಿ. ಚಂಡಮಾರುತ ಬರುತ್ತಿದೆ ಎಂದುಕೊಳ್ಳೋಣ. ಮೂರೂ ಮಾಧ್ಯಮಗಳಿಗೆ ಸೇರಿದ ಮಲ್ಟಿಮೀಡಿಯಾ ಡೆಸ್ಕಿಗೆ ಮಾಹಿತಿ ಬರುತ್ತದೆ. ನಾಲ್ಕು ಸಾಲು ಆ ಕ್ಷಣವೇ ವೆಬ್‌ಸೈಟಿಗೆ ಹೋಗುತ್ತದೆ. ಪತ್ರಿಕೆಯ ವರದಿಗಾರ ಸಂಜೆ ಟಿವಿ ಕ್ಯಾಮೆರಾ ಮುಂದೆ ನಿಂತು ವಿವರಿಸುತ್ತಾನೆ. ಮರುದಿನ ಮುದ್ರಣದಲ್ಲಿ ಸವಿಸ್ತಾರ ವರದಿ ಬರುತ್ತದೆ. ಬರೆದ ವರದಿಯನ್ನೇ ಮೂರು ಕಡೆ ಅಂಟಿಸಿದರೆ ಅದು ಬರೀ ಮರುಪ್ರಸಾರ. ಒಂದು ಕಡೆಯವರ ಕೆಲಸದಿಂದ ಇನ್ನೊಂದು ಕಡೆಯ ಸುದ್ದಿ ಬದಲಾಯಿತೇ ಎಂದು ಕೇಳಿಕೊಂಡರೆ ವ್ಯತ್ಯಾಸ ಗೊತ್ತಾಗುತ್ತದೆ.

ಐದನೆಯ ಸ್ಲೈಡಿಗೆ ಮತ್ತೆ ಎರಡು ನಿಮಿಷ. ಬಹಳಷ್ಟು ಪ್ರಸೆಂಟೇಶನ್‌ಗಳು ಇಲ್ಲಿಗೆ ಬರುವ ಮೊದಲೇ ನಿಂತುಬಿಡುತ್ತವೆ, ಯಾಕೆಂದರೆ ಕಥೆ ಇಲ್ಲಿಂದ ಕಹಿಯಾಗುತ್ತದೆ. 2012ರಲ್ಲಿ ಮೀಡಿಯಾ ಜನರಲ್ ಟಿವಿಯನ್ನು ತನ್ನ ಬಳಿಯೇ ಇಟ್ಟುಕೊಂಡು ಟ್ರಿಬ್ಯೂನ್ ಪತ್ರಿಕೆಯನ್ನು ಮಾರಿತು. 2016ರ ಮೇ ತಿಂಗಳಲ್ಲಿ ಪ್ರತಿಸ್ಪರ್ಧಿ ‘ಟ್ಯಾಂಪಾ ಬೇ ಟೈಮ್ಸ್’ ಅದನ್ನು ಕೊಂಡು ಮುಚ್ಚಿತು. ಸುದ್ದಿಮನೆಗಳನ್ನು ಒಂದು ಮಾಡಿದ ಕಂಪನಿಯೇ ಅವನ್ನು ಬೇರೆ ಮಾಡಿದ್ದು. ಸುದ್ದಿ ಒಂದಾದರೂ ಆದಾಯ ಒಂದಾಗಿರಲಿಲ್ಲ. ವರ್ಗೀಕೃತ ಜಾಹೀರಾತು ಅಂತರಜಾಲಕ್ಕೆ ಹೊರಟುಹೋದಾಗ ಪೆಟ್ಟು ತಿಂದದ್ದು ಪತ್ರಿಕೆ. ಟಿವಿಯ ಜಾಹೀರಾತು ಅಷ್ಟು ಬೇಗ ಕರಗಲಿಲ್ಲ.

ಕೊನೆಯ ಸ್ಲೈಡಿಗೆ ಉಳಿಯುವುದು ಒಂದೂವರೆ ನಿಮಿಷ. ಅದರಲ್ಲಿ ಒಂದೇ ಪ್ರಶ್ನೆ ಬರೆಯಿರಿ: ಒಂದಾದದ್ದು ಏನು? ತಂತ್ರಜ್ಞಾನವೇ, ಮಾಲೀಕತ್ವವೇ, ಸುದ್ದಿಮನೆಯ ಕೆಲಸವೇ? ಟ್ಯಾಂಪಾದಲ್ಲಿ ಮೂರೂ ಇದ್ದವು, ಆದರೆ ಅವು ಒಂದೇ ಅಲ್ಲ. ಹೆನ್ರಿ ಜೆಂಕಿನ್ಸ್ 2006ರ ತಮ್ಮ ‘ಕನ್ವರ್ಜೆನ್ಸ್ ಕಲ್ಚರ್’ ಪುಸ್ತಕದಲ್ಲಿ ನಾಲ್ಕನೆಯದನ್ನೂ ಸೇರಿಸುತ್ತಾರೆ: ಓದುಗ, ನೋಡುಗರೇ ಮಾಧ್ಯಮದಿಂದ ಮಾಧ್ಯಮಕ್ಕೆ ಓಡಾಡುತ್ತ ಹಂಚುವುದು, ತಿದ್ದುವುದು. 2000ದ ಆ ಕಟ್ಟಡದ ಲೆಕ್ಕದಲ್ಲಿ ಇವರಿಗೆ ಹೆಚ್ಚು ಜಾಗವಿರಲಿಲ್ಲ.

ಮಾತು ಮುಗಿದ ಮೇಲೆ ‘ಹಾಗಾದರೆ ಕನ್ವರ್ಜೆನ್ಸ್‌ನಿಂದಲೇ ಪತ್ರಿಕೆ ಮುಚ್ಚಿತಾ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಹೌದು ಎನ್ನಲು ಹೋಗಬೇಡಿ. ಟ್ಯಾಂಪಾದಂಥ ಪ್ರಯೋಗ ಮಾಡದ ಎಷ್ಟೋ ಅಮೆರಿಕನ್ ಪತ್ರಿಕೆಗಳೂ ಅದೇ ವರ್ಷಗಳಲ್ಲಿ ಬಾಗಿಲು ಹಾಕಿವೆ.